ಬೀಜದ ರೇಟು ಏರಿದ್ದರೂ ವಾಟರ್‌ಫಾಲ್ ಚಾರ್ಟಲ್ಲಿ ಸಾಮಗ್ರಿ ಕಂಬ ಹಸಿರು ಬರ್ತಿದೆ, ಯಾಕೆ?

ಪುಡಿ ಮಿಲ್ ಲೆಕ್ಕ, ಚಿಕ್ಕಮಗಳೂರು

ಕಾಫಿ ಪುಡಿ ಮಿಲ್ಲಿನ ಲೆಕ್ಕ ನೋಡ್ತೀನಿ. ಏಪ್ರಿಲ್–ಜೂನ್‌ನಲ್ಲಿ 10,000 ಕೆಜಿ ಪುಡಿ ಹೋಯ್ತು: ಮಾರಾಟ 60 ಲಕ್ಷ, ಸಾಮಗ್ರಿ 42 ಲಕ್ಷ, ಉಳಿದ ಖರ್ಚು 10 ಲಕ್ಷ, ಲಾಭ 8 ಲಕ್ಷ. ಜುಲೈ–ಸೆಪ್ಟೆಂಬರ್‌ನಲ್ಲಿ 9,000 ಕೆಜಿ: ಮಾರಾಟ 57.6 ಲಕ್ಷ, ಸಾಮಗ್ರಿ 40.5 ಲಕ್ಷ, ಖರ್ಚು 11.6 ಲಕ್ಷ, ಲಾಭ 5.5 ಲಕ್ಷ. ಎಕ್ಸೆಲ್‌ನಲ್ಲಿ ವಾಟರ್‌ಫಾಲ್ ಚಾರ್ಟ್ ಮಾಡಿದೆ. ಸಾಮಗ್ರಿ ಕಂಬ 1.5 ಲಕ್ಷ ಹಸಿರು ಬಂತು. "ಬೀಜದ ರೇಟು ಏರಿತು ಅಂತೀರಿ, ಇಲ್ಲಿ ಉಳಿತಾಯ ತೋರಿಸ್ತೀರಿ" ಅಂತ ಪಾಲುದಾರರು ಕೇಳ್ತಿದ್ದಾರೆ. ಎಲ್ಲಿ ತಪ್ಪಿದೆ? ಅನುಭವ ಇದ್ದವರು ಹೇಳಿ.

ಹಾಸನ ಟ್ಯಾಲಿ

ಸುಲಭ ಇದೆ ಸರ್. ಮೊದಲ ಕಂಬ ಮಾರಾಟ 57.6. ಅದರಿಂದ ಸಾಮಗ್ರಿ 40.5 ಇಳಿಸಿ, ಖರ್ಚು 11.6 ಇಳಿಸಿ, ಕೊನೆಗೆ 5.5 ನಿಲ್ಲುತ್ತೆ. ಸಾಮಗ್ರಿ ಕೆಂಪಲ್ಲೇ ಬರುತ್ತೆ, ಯಾರೂ ಪ್ರಶ್ನೆ ಕೇಳಲ್ಲ.

ಬೇಲೂರು ರಸ್ತೆ

ಅದು ಒಂದೇ ಕ್ವಾರ್ಟರಿನ ದುಡ್ಡು ಎಲ್ಲಿಗೆ ಹೋಯ್ತು ಅನ್ನೋ ಚಿತ್ರ. 8 ಯಾಕೆ 5.5 ಆಯ್ತು ಅನ್ನೋದಕ್ಕೆ ಅದರಲ್ಲಿ ಉತ್ತರ ಇಲ್ಲ. ಇವರಿಗೆ ಬೇಕಾದ ಚಾರ್ಟಿನಲ್ಲಿ ಎರಡು ತುದಿಯಲ್ಲೂ ಲಾಭದ ಕಂಬ, ನಡುವೆ ಬರೀ ವ್ಯತ್ಯಾಸಗಳು.

ಮಿಲ್ಲಿನವರೇ, ನಿಮ್ಮ ಕೂಡು-ಕಳೆ ಸರಿಯಾಗಿಯೇ ಇದೆ. ಮಾರಾಟ 2.4 ಲಕ್ಷ ಇಳಿದಿದೆ, ಸಾಮಗ್ರಿ 1.5 ಲಕ್ಷ ಕಡಿಮೆಯಾಗಿದೆ, ಖರ್ಚು 1.6 ಲಕ್ಷ ಏರಿದೆ, ಒಟ್ಟು 2.5 ಲಕ್ಷ ಇಳಿಕೆ. ತೊಡಕು ಇರೋದು ಲೆಡ್ಜರಿನ ತಲೆಬರಹಗಳನ್ನೇ ಕಂಬ ಮಾಡಿರೋದರಲ್ಲಿ. ಸಾಮಗ್ರಿ ಕಂಬದೊಳಗೆ ಎರಡು ಸಂಗತಿ ಒಂದನ್ನೊಂದು ಮುಚ್ಚಿ ಕೂತಿವೆ. 1,000 ಕೆಜಿ ಕಡಿಮೆ ಮಾರಿದ್ದಕ್ಕೆ ಹಳೇ ದರ 420ರ ಲೆಕ್ಕದಲ್ಲಿ 4.2 ಲಕ್ಷದ ಸಾಮಗ್ರಿ ಬೇಕಾಗಲೇ ಇಲ್ಲ. ಮಾರಿದ 9,000 ಕೆಜಿಗೆ ಕೆಜಿಗೆ 30 ರೂಪಾಯಿಯಂತೆ 2.7 ಲಕ್ಷ ಹೆಚ್ಚು ಬಿತ್ತು. ಎರಡೂ ಸೇರಿ 1.5 ಲಕ್ಷ ಹಸಿರು. ಮಾರದೇ ಇದ್ದ ಪುಡಿಯ ಸಾಮಗ್ರಿಯನ್ನ ಉಳಿತಾಯ ಅಂತ ತೋರಿಸಿದ ಹಾಗಾಯ್ತು.

ಆದ್ದರಿಂದ ಮಾರಾಟ, ಸಾಮಗ್ರಿ ಎರಡೂ ತಲೆಬರಹ ಬಿಡಿ, ಕಾರಣದ ಹೆಸರಲ್ಲಿ ಕಂಬ ಮಾಡಿ:

ಪ್ರಮಾಣ: 1,000 ಕೆಜಿ ಕಡಿಮೆ, ಹಳೇ ಮಾರ್ಜಿನ್ 180 (600ರಲ್ಲಿ 420 ಕಳೆದು), ಅಂದ್ರೆ −1.8 ಲಕ್ಷ.
ಮಾರೋ ದರ: ಸರಾಸರಿ 600ರಿಂದ 640, ಹೊಸ 9,000 ಕೆಜಿಗೆ +3.6 ಲಕ್ಷ.
ಬೀಜದ ದರ: −2.7 ಲಕ್ಷ.
ಉಳಿದ ಖರ್ಚು: −1.6 ಲಕ್ಷ.

ಇದೂ −2.5 ಲಕ್ಷಕ್ಕೇ ಬರುತ್ತೆ, ಆದರೆ ಈಗ ಬೀಜದ ರೇಟು ಕೆಂಪಲ್ಲಿದೆ. ಖರ್ಚಿನ 1.6ರಲ್ಲಿ ಒಮ್ಮೆ ಮಾತ್ರ ಬಂದದ್ದು ಏನಾದರೂ ಇದ್ದರೆ ಅದನ್ನ ಬೇರೆ ಕಂಬ ಮಾಡಿ. ಮತ್ತೆ, ನೀವು ಮಾರೋದು ಒಂದೇ ಥರದ ಪುಡಿಯಾ? ಎರಡು ಥರ ಇದ್ದರೆ ಈ 3.6 ಲಕ್ಷವನ್ನ ಈಗಲೇ ನಂಬಬೇಡಿ. ಮಾರಾಟದ ಅಂಕಿ ಜಿಎಸ್‌ಟಿ ಬಿಟ್ಟದ್ದು ತಾನೆ?

ಪುಡಿ ಮಿಲ್ ಲೆಕ್ಕ, ಚಿಕ್ಕಮಗಳೂರು

ಜಿಎಸ್‌ಟಿ ಬಿಟ್ಟೇ ಇದೆ. ಖರ್ಚಲ್ಲಿ 90,000 ಹುರಿಯೋ ಯಂತ್ರದ ರಿಪೇರಿ, ಉಳಿದ 70,000 ಸಂಬಳ, ಕರೆಂಟು. ಪುಡಿ ಎರಡು ಥರ. ಪ್ಯೂರ್ 5,000 ಕೆಜಿಯಿಂದ 5,400ಕ್ಕೆ ಏರಿತು, ದರ 720ರಿಂದ 740, ಸಾಮಗ್ರಿ 520ರಿಂದ 530. ಚಿಕೋರಿ ಸೇರಿದ್ದು 5,000ದಿಂದ 3,600ಕ್ಕೆ ಇಳೀತು, ದರ 480ರಿಂದ 490, ಸಾಮಗ್ರಿ 320ರಿಂದ 330.

ಬೇಲೂರು ರಸ್ತೆ

ಅಂದುಕೊಂಡ ಹಾಗೇ ಆಯ್ತು. ನೀವು ಕೆಜಿಗೆ 40 ರೂಪಾಯಿ ಏರಿಸಿಯೇ ಇಲ್ಲ. ಪ್ಯೂರ್‌ಗೆ 20, ಚಿಕೋರಿಗೆ 10 ಏರಿಸಿದ್ದೀರಿ, ಅಷ್ಟೇ. ದುಬಾರಿ ಪುಡಿಯ ಪಾಲು ಅರ್ಧದಿಂದ ಶೇ 60ಕ್ಕೆ ಹೋದದ್ದರಿಂದ ಸರಾಸರಿ ತಾನಾಗಿ ಮೇಲೆದ್ದಿದೆ. ಸಾಮಗ್ರಿಯ ಸರಾಸರಿಯೂ ಹಾಗೇ: ನಿಜವಾಗಿ ಏರಿದ್ದು ಕೆಜಿಗೆ 10, ಸರಾಸರಿ ತೋರಿಸಿದ್ದು 30. ಮೇಲೆ ನಾನೇ ಬರೆದ 3.6, 2.7 ಎರಡೂ ಉಬ್ಬಿದ ಅಂಕಿಗಳು.

ಪುಡಿವಾರು ಹಾಕಿದರೆ ಮಾರೋ ದರದಿಂದ ಬಂದದ್ದು 5,400 × 20 ಮತ್ತು 3,600 × 10, ಒಟ್ಟು +1,44,000. ಬೀಜದ ದರದಿಂದ ಹೋದದ್ದು 9,000 × 10, ಅಂದ್ರೆ −90,000. ಪಾಲು ಬದಲಾದದ್ದರ ಲೆಕ್ಕ ಹೀಗೆ: ಹಳೇ ಮಾರ್ಜಿನ್ ಪ್ಯೂರ್‌ಗೆ 200, ಚಿಕೋರಿಗೆ 160. ಹೊಸ ಪ್ರಮಾಣಕ್ಕೆ ಇವನ್ನೇ ಹಾಕಿದರೆ 16,56,000 ಬರುತ್ತೆ. ಪಾಲು ಬದಲಾಗದೆ ಇದ್ದಿದ್ದರೆ 9,000 × 180, ಅಂದ್ರೆ 16,20,000 ಬರ್ತಿತ್ತು. ವ್ಯತ್ಯಾಸ +36,000. ಪ್ರಮಾಣದ −1,80,000 ಹಾಗೇ ಇರಲಿ.

ಚಾರ್ಟಿನ ಸಾಲುಗಳು ಈಗ: ಹಳೇ ಲಾಭ 8,00,000, ಪ್ರಮಾಣ −1,80,000, ಪಾಲು +36,000, ಮಾರೋ ದರ +1,44,000, ಬೀಜದ ದರ −90,000, ಸಂಬಳ-ಕರೆಂಟು −70,000, ರಿಪೇರಿ −90,000, ಕೊನೆಗೆ 5,50,000. ಪಾಲುದಾರರು ಇನ್ನು ಜಗಳ ಆಡೋದಾದರೆ ಚಿಕೋರಿ ಪುಡಿ 1,400 ಕೆಜಿ ಯಾಕೆ ಬಿತ್ತು ಅಂತ ಆಡಬೇಕು. ಬೀಜದ ರೇಟಿನ ಮೇಲೆ ಎಲ್ಲ ಹೊರೆ ಹಾಕೋಕಾಗಲ್ಲ.

ಮಲ್ನಾಡ್ ಲೆಡ್ಜರ್

ಬೆಲೆಯ ವ್ಯತ್ಯಾಸಕ್ಕೆ ಹೊಸ ಕೆಜಿಯೇ ಯಾಕೆ ಅಣ್ಣ? ಹಳೇ 5,000, 5,000ಕ್ಕೆ ಹಾಕಿದರೆ 1,50,000 ಬರುತ್ತೆ. ನಮ್ಮ ಕಡೆ ಹಳೇದಕ್ಕೇ ಹಾಕೋದು.

ಬೇಲೂರು ರಸ್ತೆ

ಹಾಕಬಹುದು. ಆಗ 6,000ದ ತುಣುಕು ಯಾವ ಕಂಬಕ್ಕೂ ಸೇರದೆ ಉಳಿಯುತ್ತೆ, ಅದನ್ನ ಬೇರೆ ತೋರಿಸಬೇಕು. ಬೀಜದ ದರಕ್ಕೂ ಹಾಗೇ ಮಾಡಿದರೆ ಅಲ್ಲೊಂದು ತುಣುಕು. ಹಳೇ ಮಾರ್ಜಿನ್ನಿಗೆ ಪ್ರಮಾಣ, ಹೊಸ ಕೆಜಿಗೆ ದರ ಅಂತ ಇಟ್ಟರೆ ಏನೂ ಉಳಿಯಲ್ಲ, ಅದಕ್ಕೇ ನನಗದು ಇಷ್ಟ. ಒಂದು ಕ್ವಾರ್ಟರಿಗೆ ಒಂದು ಪದ್ಧತಿ, ಮುಂದಿನದಕ್ಕೆ ಇನ್ನೊಂದು ಮಾಡಿದರೆ ಮಾತ್ರ ಹೋಲಿಕೆ ಕೆಡುತ್ತೆ.

ಮಲ್ನಾಡ್ ಲೆಡ್ಜರ್

ಸರಿ. ಚಾರ್ಟ್ ಕಟ್ಟೋದರ ಬಗ್ಗೆ ನನ್ನದೊಂದು ಮಾತು. ಎಕ್ಸೆಲ್ 2016ಕ್ಕಿಂತ ಹಳೇದಿದ್ದರೆ ವಾಟರ್‌ಫಾಲ್ ಸಿಗಲ್ಲ. ಆಗ ಸ್ಟ್ಯಾಕ್ಡ್ ಕಾಲಮ್ ಹಾಕಿ, ಅಡಿಯ ತುಂಡಿಗೆ ಬಣ್ಣ ತೆಗೆದು ಕಾಣದ ಹಾಗೆ ಮಾಡಿ. B ಕಾಲಮಿನಲ್ಲಿ ಅಂಕಿಗಳು, C2ರಲ್ಲಿ ಆರಂಭದ ಲಾಭ:

```
C3: =C2+B3
D3: =MIN(C2,C3)
E3: =MAX(B3,0)
F3: =MAX(-B3,0)
```

D ಕಾಣದ ತುಂಡು, E ಹಸಿರು, F ಕೆಂಪು. ಮೊದಲ, ಕೊನೇ ಲಾಭಕ್ಕೆ ಬೇರೆ ಕಾಲಮ್, ಬೇರೆ ಬಣ್ಣ. ಯಾವ ಲೆಕ್ಕಕ್ಕೂ ಇದು ನಡೆಯುತ್ತೆ.

ಸಕಲೇಶಪುರ ಹೋಂಸ್ಟೇ

ನಡೆಯಲ್ಲ ಸರ್. ನಮ್ಮದು ಏಪ್ರಿಲ್–ಜೂನ್‌ನಲ್ಲಿ 3 ಲಕ್ಷ ಲಾಭ, ಮಳೆಗಾಲದಲ್ಲಿ 1 ಲಕ್ಷ ನಷ್ಟ. ರೂಮು ಖಾಲಿ ಇದ್ದದ್ದರ ಕಂಬ ಒಂದೇ 4 ಲಕ್ಷದ್ದು. ಇದೇ ಸೂತ್ರ ಹಾಕಿದರೆ ಕೆಂಪು ಕಂಬ 0ಯಿಂದ ಮೇಲಕ್ಕೆ 4 ಲಕ್ಷದವರೆಗೆ ನಿಂತುಕೊಳ್ತು, 0ಯ ಕೆಳಗೆ ಬರೀ ಕಾಣದ ತುಂಡು. ನಮಗೂ ಒಂದು ದಾರಿ ಹೇಳಿ.

ಬೇಲೂರು ರಸ್ತೆ

ಲೆಡ್ಜರ್ ಅಣ್ಣನ ಸೂತ್ರ ಓಡೋ ಮೊತ್ತ 0ಗಿಂತ ಮೇಲೇ ಇರೋವರೆಗೆ ಸರಿ. ಮಿಲ್ಲಿನವರ ಲೆಕ್ಕಕ್ಕೆ ಸಾಕು, ನಿಮ್ಮದಕ್ಕೆ ಸಾಲದು. ಸ್ಟ್ಯಾಕ್ಡ್ ಕಾಲಮ್ ಧನ ಅಂಕಿಗಳನ್ನ 0ಯಿಂದ ಮೇಲಕ್ಕೆ, ಋಣ ಅಂಕಿಗಳನ್ನ ಕೆಳಕ್ಕೆ ಬೇರೆ ಬೇರೆಯಾಗಿ ಪೇರಿಸುತ್ತೆ. ಹಾಗಾಗಿ 0 ದಾಟೋ ಕಂಬವನ್ನ ಮೇಲಿನ 3, ಕೆಳಗಿನ −1 ಅಂತ ಎರಡು ತುಂಡು ಮಾಡಿ, ಅಲ್ಲಿ ಕಾಣದ ತುಂಡನ್ನ 0 ಇಡಬೇಕು. ಎಕ್ಸೆಲ್ 2016 ಅಥವಾ ಆಮೇಲಿನದು ಇದ್ದರೆ ಈ ಗೋಜೇ ಬೇಡ, ಅದರ ವಾಟರ್‌ಫಾಲ್ 0 ದಾಟೋದನ್ನ ತಾನೇ ನೋಡಿಕೊಳ್ಳುತ್ತೆ.

ಅದರಲ್ಲಿ ಎಡವೋದು ಬೇರೆ ಕಡೆ. ಕೊನೇ ಕಂಬವನ್ನೂ ಅದು ಏರಿಕೆ ಅಂತಲೇ ತಿಳಿದು ಹಿಂದಿನದರ ತಲೆ ಮೇಲೆ ಕೂರಿಸುತ್ತೆ. ಮಿಲ್ಲಿನವರ ಕೊನೇ ಕಂಬ 5.5ರಿಂದ 11 ಲಕ್ಷದವರೆಗೆ ಗಾಳಿಯಲ್ಲಿ ತೇಲ್ತಿದ್ದರೆ ಇದೇ ಕಾರಣ. ಆ ಕಂಬ ಒಂದನ್ನೇ ಎರಡು ಸಲ ಕ್ಲಿಕ್ ಮಾಡಿ ಆರಿಸಿ, ರೈಟ್ ಕ್ಲಿಕ್ ಮಾಡಿ `Set as Total` ಕೊಡಿ. ಮೊದಲ ಕಂಬಕ್ಕೂ ಕೊಡಿ. ಅದರ ಎತ್ತರ ಬದಲಾಗಲ್ಲ, ಆದರೆ ಏರಿಕೆಯ ಬಣ್ಣ ಹೋಗುತ್ತೆ.

ಚಾರ್ಟಿಗೆ ಮುಂಚೆ ಒಂದು ತಾಳೆ ಕೋಶ ಇಟ್ಟುಕೊಳ್ಳಿ:

```
=SUM(B2:B8)-B9
```

ಇದು 0 ಇರಬೇಕು. ಖರ್ಚಿನ ಮುಂದೆ ಕಳೆಯೋ ಚಿಹ್ನೆ ಮರೆತರೆ ತಪ್ಪು ಆ ಅಂಕಿಯ ಎರಡರಷ್ಟು ಬರುತ್ತೆ. 1,40,000 ಕಂಡರೆ 70,000ದ ಸಾಲು ನೋಡಿ.

ಮಲ್ನಾಡ್ ಲೆಡ್ಜರ್

0 ದಾಟೋದು ಹೊಳೆದಿರಲಿಲ್ಲ, ಒಪ್ಪಿದೆ. ಇನ್ನೊಂದು: 36,000ದ ಕಂಬ ಗೆರೆ ಥರ ಕಾಣುತ್ತೆ. ಅಕ್ಷವನ್ನ 4 ಲಕ್ಷದಿಂದ ಶುರು ಮಾಡಿದರೆ ಎಲ್ಲ ಕಂಬಗಳೂ ದಪ್ಪಗಾಗ್ತವೆ.

ಬೇಲೂರು ರಸ್ತೆ

ಆಗ 8 ಲಕ್ಷದ ಕಂಬ 4ರಷ್ಟು ಎತ್ತರ, 5.5ರದ್ದು 1.5ರಷ್ಟು ಎತ್ತರ ಕಾಣುತ್ತೆ. ಲಾಭ ಸುಮಾರು ಮೂರನೇ ಒಂದು ಭಾಗ ಇಳಿದದ್ದು ಅರ್ಧಕ್ಕಿಂತ ಹೆಚ್ಚು ಇಳಿದ ಹಾಗೆ ತೋರುತ್ತೆ. ನಾನು 0ಯಿಂದಲೇ ಇಡ್ತೀನಿ.

ಮಲ್ನಾಡ್ ಲೆಡ್ಜರ್

ನಡುವಿನ ಕಂಬಗಳ ಅಳತೆ ಮಾತ್ರ ಒಂದಕ್ಕೊಂದು ಸರಿಯಾಗೇ ಇರುತ್ತಲ್ಲ. ಜನ ನೋಡೋದು ಅವನ್ನೇ. ಅಕ್ಷ ಕತ್ತರಿಸಿದೆ ಅಂತ ಅಡಿಯಲ್ಲಿ ಬರೆದರೆ ಸಾಕು. ಇದರಲ್ಲಿ ನಿಮ್ಮ ಮಾತು ಒಪ್ಪಲ್ಲ.

ಹಾಸನ ಟ್ಯಾಲಿ

ಮೊದಲು ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದೆ. ಈಗ ನನ್ನ ಪ್ರಶ್ನೆ: ಆ 40.5 ಲಕ್ಷ ಖರೀದಿಯೋ, ಬಳಕೆಯೋ? ಕಾಫಿಯಲ್ಲಿ ಕೊಯ್ಲಾದ ಮೇಲೆ ಒಟ್ಟಿಗೆ ಕೊಂಡು ವರ್ಷ ಪೂರ್ತಿ ಹುರಿಯೋರೂ ಇದ್ದಾರೆ. ಆರಂಭದ ದಾಸ್ತಾನು ಕೂಡಿಸಿ, ಕೊನೇ ದಾಸ್ತಾನು ಕಳೆದ ಅಂಕಿ ಅಲ್ಲದಿದ್ದರೆ ಬೀಜದ ಕಂಬಕ್ಕೆ ಅರ್ಥವೇ ಇಲ್ಲ.

ಪುಡಿ ಮಿಲ್ ಲೆಕ್ಕ, ಚಿಕ್ಕಮಗಳೂರು

ಬಳಕೆಯದ್ದೇ. ಜೂನ್ ಕೊನೆಗೆ ಚೀಲ ತೂಗಿದ್ವಿ. ಸೆಪ್ಟೆಂಬರ್‌ನಲ್ಲಿ ಮಾತ್ರ ತೂಗಿಲ್ಲ, ರಿಜಿಸ್ಟರಿನ ಅಂಕಿ ಹಾಕಿದ್ದು.

ಬೇಲೂರು ರಸ್ತೆ

ಹಾಗಿದ್ದರೆ ಚಾರ್ಟ್ ಇನ್ನೂ ತೋರಿಸಬೇಡಿ. ಕೆಜಿಗೆ 400 ರೂಪಾಯಿಯ ಬೀಜ ರಿಜಿಸ್ಟರಿಗಿಂತ 200 ಕೆಜಿ ಕಡಿಮೆ ಇದೆ ಅಂತಿಟ್ಟುಕೊಳ್ಳಿ. ಬಳಕೆ 80,000 ಏರುತ್ತೆ, ಲಾಭ 4.7 ಲಕ್ಷಕ್ಕೆ ಬರುತ್ತೆ, 90,000ದ ಬೀಜದ ಕಂಬ 1.7 ಲಕ್ಷ ಆಗುತ್ತೆ. ಅಷ್ಟೇ ಹೆಚ್ಚಿದ್ದರೆ ಕಂಬ ಬರೀ 10,000. ಹುರಿಯುವಾಗ ತೂಕ ಹೋಗೋದನ್ನ ರಿಜಿಸ್ಟರಿನಲ್ಲಿ ಒಂದೇ ಶೇಕಡಾ ಅಂತ ಹಿಡಿದಿದ್ದರೆ ಇಂಥ ವ್ಯತ್ಯಾಸ ಬಂದೇ ಬರುತ್ತೆ, ಕಡು ಹುರಿದಷ್ಟೂ ಹೆಚ್ಚು ಹೋಗುತ್ತೆ.

ಈಗ ತೂಗಿ, ಸೆಪ್ಟೆಂಬರ್ 30ರಿಂದ ಇವತ್ತಿನವರೆಗೆ ಹುರಿದದ್ದನ್ನ ಕೂಡಿಸಿ, ಕೊಂಡದ್ದನ್ನ ಕಳೆದು ಹಿಂದಕ್ಕೆ ಬನ್ನಿ. ಮಳೆಗಾಲದಲ್ಲಿ ಗೋಣಿಚೀಲದ ಬೀಜ ತೇವ ಹೀರಿ ತೂಕ ಹೆಚ್ಚು ತೋರಿಸುತ್ತೆ, ಮಾಯಿಶ್ಚರ್ ಮೀಟರ್ ಇದ್ದರೆ ಅದರ ಅಂಕಿಯನ್ನೂ ಪಕ್ಕದಲ್ಲಿ ಬರೆದಿಡಿ.

ಪುಡಿ ಮಿಲ್ ಲೆಕ್ಕ, ಚಿಕ್ಕಮಗಳೂರು

ಸೋಮವಾರ ಗೋಡೌನ್ ತೂಗಿಸ್ತೀನಿ. ಪ್ಯೂರ್, ಚಿಕೋರಿ ಎರಡಕ್ಕೂ ಒಂದೇ ಬೀಜದ ರಾಶಿಯಿಂದ ತೆಗೀತೀವಿ. ವ್ಯತ್ಯಾಸ ಬಂದರೆ ಯಾವುದರ ತಲೆಗೆ ಎಷ್ಟು ಹಾಕೋದು ಅಂತ ಆಮೇಲೆ ಕೇಳ್ತೀನಿ.