ದುಡ್ಡಿದ್ರೂ ಸ್ಟೂಡೆಂಟ್ ವೀಸಾ ರಿಜೆಕ್ಟ್, ಅಫಿಡವಿಟ್ ಸ್ಟಾಂಪ್ ಪೇಪರ್ ಪ್ರಾಬ್ಲಮ್ಮಾ?

ಅಡಿಕೆಗೊನೆ (ಜುಲೈ 24, ಬೆಳಿಗ್ಗೆ)
ನಮಸ್ಕಾರ, ತಲೆ ಕೆಟ್ಟು ಕೆರ ಹಿಡ್ದು ಹೋಗಿದೆ. ತಂಗಿ ಮಾಸ್ಟರ್ಸ್‌ಗೆ ಹಾಕಿದ್ದ ವೀಸಾ ಮೊನ್ನೆ ರಿಜೆಕ್ಟ್ ಆಯ್ತು, ದುಡ್ಡಿನ ದಾಖಲೆ ಸರಿ ಇಲ್ವಂತೆ. ಏನ್ ಸರಿ ಇಲ್ಲ? ಎಜುಕೇಶನ್ ಲೋನ್ ಸ್ಯಾಂಕ್ಷನ್ ಲೆಟರ್ 25 ಲಕ್ಷ, ಅಪ್ಪನ ಎಸ್‌ಬಿ ಅಕೌಂಟಲ್ಲಿ ಒಂಬತ್ತೂವರೆ ಲಕ್ಷ, ಚಿಕ್ಕಪ್ಪಂದು 12 ಲಕ್ಷದ ಸ್ಪಾನ್ಸರ್ ಅಫಿಡವಿಟ್ಟು ಅವರ ಪಾಸ್‌ಬುಕ್ ಸಮೇತ. ಬೇಕಿದ್ದಿದ್ದು 34ರ ಒಳಗೆ, ತೋರಿಸಿದ್ದು 46 ದಾಟಿದೆ. ಅಫಿಡವಿಟ್ ಮಾತ್ರ ನಮ್ಮ ಟೈಪಿಂಗ್ ಅಂಗಡಿಯವನು 20 ರೂಪಾಯಿ ಇ-ಸ್ಟಾಂಪ್ ಮೇಲೆ ಮಾಡ್ಕೊಟ್ಟಿದ್ದ, ನಂಗೆ ಅದರ ಮೇಲೇ ಡೌಟು. ಯಾರಾದ್ರೂ ಇದನ್ನ ಫೇಸ್ ಮಾಡಿದೀರಾ, ಬೇಗ ಹೇಳಿ.

ಧಾರವಾಡಪೇಡೆ
ಅದ ನೋಡ್ರಿ ತಪ್ಪು. ಕರ್ನಾಟಕದಾಗ ಅಫಿಡವಿಟ್‌ಗೆ 20 ಹೋಗಿ 100 ಆಗೇತಿ, ನಿಮ್ಮ ಟೈಪಿಂಗ್ ಅಂಗಡಿಯಾಂವ ಇನ್ನೂ ಹಳೇ ಕಾಲದಾಗ ಅದಾನ. ನಮ್ಮ ಕಾಕಾ ನೋಟರಿ ಅದಾರ, ದಿನಾ ಇಂಥಾವು ವಾಪಸ್ ಬರತಾವು ಅಂತ ಹೇಳತಾರ. 100 ರೂಪಾಯಿದ ಮ್ಯಾಲೆ ಹೊಸಾದು ಮಾಡಿಸ್ರಿ, ಚಿಕ್ಕಪ್ಪನ ಫೋಟೋ ಹಚ್ಚಿ, ಎರಡೂ ಪೇಜಿಗೆ ನೋಟರಿ ಶಿಕ್ಕಾ ಹಾಕಿಸ್ರಿ.

ಟೆಕ್ಸಾಸ್‌ಗೌಡ
ಬ್ರೋ ನಂದೂ ಚಿಕ್ಕಪ್ಪನ ಅಫಿಡವಿಟ್ಟೇ. ಐ-20 ತಗೊಳಕ್ಕೇ ಅದನ್ನೇ ಕಾಲೇಜಿಗೆ ಕಳ್ಸಿದ್ದು, ಆಮೇಲೆ ಇಂಟರ್‌ವ್ಯೂನಲ್ಲಿ ಆಫೀಸರ್ ಫೈಲ್ ಮುಟ್ಟಲೂ ಇಲ್ಲ, ಎರಡು ನಿಮಿಷ, ಅಪ್ರೂವ್ಡ್. ನಾನು ತೋಟದ ವ್ಯಾಲ್ಯುಯೇಶನ್, ಸಿಎ ರಿಪೋರ್ಟ್, ಅಮ್ಮನ ಬಂಗಾರದ ಲೆಕ್ಕ ಎಲ್ಲಾ ಸೇರಿಸಿ ಸ್ಪೈರಲ್ ಬೈಂಡ್ ಮಾಡ್ಸಿದ್ದೆ, 140 ಪೇಜು. ನಿಮ್ಮ ತಂಗಿ ಇಂಟರ್‌ವ್ಯೂನಲ್ಲಿ ತಡವರಿಸಿರ್ತಾರೆ, ಸ್ಟಾಂಪ್ ಪೇಪರ್ ಎಲ್ಲ ಅಲ್ಲ.

ಅಡಿಕೆಗೊನೆ
ಇಂಟರ್‌ವ್ಯೂನೇ ಆಗ್ಲಿಲ್ಲ ಬ್ರೋ. ಆನ್‌ಲೈನ್ ಫಾರ್ಮ್, ಬೆರಳಚ್ಚು ಕೊಟ್ಟು ಬಂದಿದ್ದು ಅಷ್ಟೇ.

ಬ್ಯಾಂಕ್‌ಮೇಷ್ಟ್ರು
ನಾನು ಬ್ಯಾಂಕಲ್ಲಿ 22 ವರ್ಷ ಇದ್ದವನು, ಇಂಥ ಕೇಸು ಬೇಕಾದಷ್ಟು ನೋಡಿದೀನಿ. ಅಪ್ಪನ ಅಕೌಂಟಿಗೆ ಈ ದುಡ್ಡು ಯಾವಾಗ ಬಂತು? ವೀಸಾಗೋಸ್ಕರ ಒಂದೇ ಸಲ ತಂದು ಹಾಕಿದ್ರೆ ಅದನ್ನ ಫಂಡ್ ಪಾರ್ಕಿಂಗ್ ಅಂತಾರೆ, ಎಲ್ಲಾ ದೇಶದವ್ರೂ ಅದನ್ನೇ ಹುಡುಕೋದು. ಆರು ತಿಂಗಳ ಸ್ಟೇಟ್‌ಮೆಂಟ್ ಇರ್ಲೇಬೇಕು, ಆದಾಯದ ಮೂಲ ಇರ್ಲೇಬೇಕು.

ಅಡಿಕೆಗೊನೆ
ಸಾರ್ ಅದು ಅಡಿಕೆ ಮಾರಿದ ದುಡ್ಡು, ಮಂಡಿ ಚೀಟಿ ಇದೆ, ಫೆಬ್ರವರಿಯಿಂದಲೂ ಅಲ್ಲೇ ಇದೆ. ಪಾರ್ಕಿಂಗ್ ಗೀರ್ಕಿಂಗ್ ಏನಿಲ್ಲ.

ಧಾರವಾಡಪೇಡೆ
ಮೇಷ್ಟ್ರ, ಮಂದಿ ಸ್ಟಾಂಪ್ ಪೇಪರ್ ತಪ್ಪೈತಿ ಅಂತ ತಾವ ಒಪ್ಪಿಕೊಂಡಾರ, ನೀವು ಇಲ್ಲದ್ದು ಯಾಕ ಹುಡುಕ್ತೀರಿ?

ಬ್ಯಾಂಕ್‌ಮೇಷ್ಟ್ರು
ಕಡಿಮೆ ಸ್ಟಾಂಪ್ ಇದ್ರೆ ನಮ್ಮ ಕೋರ್ಟಲ್ಲಿ ದಂಡ ಕಟ್ಟಿಸ್ಕೊಳ್ತಾರೆ ಅಷ್ಟೇ ಸ್ವಾಮಿ. ಹೊರದೇಶದವನಿಗೆ ನಮ್ಮ ಸ್ಟಾಂಪ್ ಆಕ್ಟ್ ಕಟ್ಕೊಂಡು ಏನಾಗ್ಬೇಕು.

ಲೀಡ್ಸ್‌ಮಳೆ
ಇಷ್ಟೊಂದು ರಿಪ್ಲೈ ಬಂದಿದೆ, ಯಾವ ದೇಶದ ವೀಸಾ ಅಂತ ಒಬ್ಬರೂ ಕೇಳಿಲ್ವಲ್ಲಾ ಮಾರಾಯ್ರೆ! ಇಂಟರ್‌ವ್ಯೂ ಇಲ್ಲ ಅಂದ್ರೆ ಯುಕೆ ಇರ್ಬೇಕು ಅನ್ಸತ್ತೆ. ಹೌದಾದ್ರೆ ರಿಫ್ಯೂಸಲ್ ಲೆಟರ್‌ನಲ್ಲಿ ದುಡ್ಡಿನ ಪ್ಯಾರಾ ಇರತ್ತೆ, ಅದರಲ್ಲಿ ಏನಿದೆ ಅಂತ ಹಾಕಿ. ಅಪ್ಪನ ಸ್ಟೇಟ್‌ಮೆಂಟ್ ಯಾವ ತಾರೀಖಿಗೆ ಮುಗಿಯತ್ತೆ, ಅಪ್ಲಿಕೇಶನ್ ಯಾವಾಗ ಹಾಕಿದ್ದು, ಯೂನಿವರ್ಸಿಟಿ ಕೊಟ್ಟಿರೋ ಕ್ಯಾಸ್‌ನಲ್ಲಿ ಫೀಸ್ ಎಷ್ಟು, ಕಟ್ಟಿರೋದು ಎಷ್ಟು, ಇಷ್ಟು ಹೇಳಿ ಸಾಕು.

ಅಡಿಕೆಗೊನೆ
ಹಾಂ ಯುಕೆ, ಹೇಳಿದೀನಿ ಅನ್ಕೊಂಡೆ, ಸಾರಿ. ಲಂಡನ್ ಅಲ್ಲ, ಹೊರಗಿನ ಊರು. ಫೀಸ್ 21,500 ಪೌಂಡ್, ಕಟ್ಟಿರೋದು 4,000, ಅದು ಕ್ಯಾಸ್‌ನಲ್ಲಿ ಬಂದಿದೆ. ಸ್ಟೇಟ್‌ಮೆಂಟ್ ಜೂನ್ 30ರವರೆಗೆ, ಅಪ್ಲೈ ಮಾಡಿದ್ದು ಜುಲೈ 2. ಲೆಟರ್‌ನಲ್ಲಿ ಚಿಕ್ಕಪ್ಪನ ದುಡ್ಡು ಪರಿಗಣಿಸಿಲ್ಲ ಅಂತ ಒಂದು ಲೈನ್ ಇದೆ, ಅದಕ್ಕೇ ನಾನು ಅಫಿಡವಿಟ್ ಅಂದಿದ್ದು. ಕೆಳಗೆ ಜೂನ್ 11ಕ್ಕೆ ಅಪ್ಪನ ಅಕೌಂಟಲ್ಲಿ ಆರೂವರೆ ಲಕ್ಷ ಇತ್ತು, 28 ದಿನ ಬೇಕಾದಷ್ಟು ಹಣ ಇರ್ಲಿಲ್ಲ ಅಂತ ಇದೆ. ಅದು ಸೊಸೈಟಿ ಸಾಲದ ರಿನಿವಲ್, ಪ್ರತಿ ವರ್ಷ ಇರೋದೇ. ಬಡ್ಡಿ ಇಲ್ಲದ ಬೆಳೆಸಾಲ, ಗಡುವಿನೊಳಗೆ ಮೂರು ಲಕ್ಷ ಕಟ್ಟಿ ಮತ್ತೆ ತಗೊಳ್ಳೋದು. 11ಕ್ಕೆ ಕಟ್ಟಿದ್ದು, 15ಕ್ಕೆ ಬೆಳಿಗ್ಗೇನೇ ವಾಪಸ್ ಬಂತು. ನಾಲ್ಕು ದಿನ ಅಷ್ಟೇ! ಅದನ್ನೆಲ್ಲ ನೋಡ್ತಾರಾ?

ಲೀಡ್ಸ್‌ಮಳೆ
ಅದನ್ನೇ ನೋಡೋದು. ನಿಮ್ಮ ಕೇಸ್ ಪೂರ್ತಿ ಅಲ್ಲೇ ಇದೆ.

ಚಿಕ್ಕಪ್ಪಂದು ಮೊದ್ಲು ಮುಗಿಸ್ತೀನಿ. ಯುಕೆಗೆ ವಿದ್ಯಾರ್ಥಿಯ ಸ್ವಂತ ಅಕೌಂಟ್, ಅಪ್ಪ ಅಮ್ಮ ಅಥವಾ ಕಾನೂನಿನ ಪ್ರಕಾರ ಗಾರ್ಡಿಯನ್, ಮದ್ವೆ ಆಗಿದ್ರೆ ಸಂಗಾತಿ, ಮನೆಯವರಲ್ಲಿ ಇಷ್ಟೇ ಜನರ ದುಡ್ಡು ನಡೆಯೋದು. ಚಿಕ್ಕಪ್ಪ, ಅಜ್ಜ, ಅಣ್ಣ ಯಾರೂ ಆಗಲ್ಲ, ನೀವೂ ಆಗಲ್ಲ. 20 ರೂಪಾಯಿ ಬದಲು 500 ರೂಪಾಯಿ ಸ್ಟಾಂಪ್ ಮೇಲೆ ಬರ್ಕೊಟ್ರೂ ಅಷ್ಟೇ. ಅಪ್ಪನ ದುಡ್ಡಿಗೆ ಬೇಕಾಗಿರೋದು ತಂಗಿಯ ಬರ್ತ್ ಸರ್ಟಿಫಿಕೇಟು, ಮಗಳು ಈ ಹಣ ಬಳಸೋಕೆ ನನ್ನ ಒಪ್ಪಿಗೆ ಇದೆ ಅಂತ ಅಪ್ಪ ಸೈನ್ ಮಾಡಿದ ಪತ್ರ. ಬಿಳಿ ಹಾಳೆ ಸಾಕು. ಆದ್ರಿಂದ 12 ಲಕ್ಷ ಬಿಟ್ಟಾಕಿ, ಉಳಿದಿದ್ದು 34.5.

ಈಗ ಬೇಕಾಗಿದ್ದು ಎಷ್ಟು ನೋಡಿ. ಬಾಕಿ ಫೀಸ್ 17,500. ಖರ್ಚಿಗೆ ಲಂಡನ್ ಹೊರಗೆ ತಿಂಗಳಿಗೆ 1,171ರಂತೆ ಒಂಬತ್ತು ತಿಂಗಳಿಗೆ 10,539. ಒಟ್ಟು 28,039 ಪೌಂಡ್. 120ರ ರೇಟಲ್ಲಿ 33 ಲಕ್ಷ 64 ಸಾವಿರ ಚಿಲ್ರೆ. ನಿಮ್ಮ ಹತ್ರ ಮಿಗೋದು 85 ಸಾವಿರ, ಅಪ್ಪ ತೆಗ್ದಿದ್ದು ಮೂರು ಲಕ್ಷ. ಸ್ಟೇಟ್‌ಮೆಂಟಿನ ಕೊನೇ ತಾರೀಖಿಂದ ಹಿಂದಕ್ಕೆ 28 ದಿನ ಎಣಿಸ್ತಾರೆ, ಅಂದ್ರೆ ಜೂನ್ 3ರಿಂದ 30. ಆ 28ರಲ್ಲಿ ಅತಿ ಕಡಿಮೆ ಇದ್ದ ದಿನದ ಬ್ಯಾಲೆನ್ಸೇ ನಿಮ್ಮ ಬ್ಯಾಲೆನ್ಸ್. ಸರಾಸರಿ ಹಿಡಿಯಲ್ಲ, ಕೊನೇ ದಿನ ಮಾತ್ರಾನೂ ನೋಡಲ್ಲ. ಜೂನ್ 15ರಿಂದ ಎಣಿಸಿದ್ರೆ ಜುಲೈ 12ಕ್ಕೆ 28 ದಿನ ತುಂಬ್ತಿತ್ತು. ಹತ್ತು ಹನ್ನೊಂದು ದಿನ ತಡೆದು ಅವತ್ತಿನ ಸ್ಟೇಟ್‌ಮೆಂಟ್ ಹಾಕಿದ್ರೆ ಈ ಪ್ಯಾರಾ ಬರ್ತಾನೇ ಇರ್ಲಿಲ್ಲ.

ಬ್ಯಾಂಕ್‌ಮೇಷ್ಟ್ರು
28 ದಿನ ಅನ್ನೋದು ಕನಿಷ್ಠ. ಆರು ತಿಂಗಳು ಕೊಡೋದೇ ಸೇಫ್ ಅಂತ ನಾನು ಈಗ್ಲೂ ಹೇಳ್ತೀನಿ.

ಲೀಡ್ಸ್‌ಮಳೆ
ಮೇಷ್ಟ್ರೇ, ಯುಕೆ ರೂಲಲ್ಲಿ ಆರು ತಿಂಗಳು ಅನ್ನೋದು ಇರೋದು ಲೋನ್ ಲೆಟರ್‌ಗೆ, ಅದು ಅಪ್ಲೈ ಮಾಡೋ ದಿನಕ್ಕೆ ಆರು ತಿಂಗಳಿಗಿಂತ ಹಳೇದಿರಬಾರದು. ಸ್ಟೇಟ್‌ಮೆಂಟಿಗೆ 28 ದಿನ, ಅದರ ಕೊನೇ ದಿನ ಅಪ್ಲಿಕೇಶನ್‌ಗಿಂತ 31 ದಿನದ ಒಳಗಿರ್ಬೇಕು. ದುಡ್ಡು ಎಲ್ಲಿಂದ ಬಂತು ಅಂತ ಅನುಮಾನ ಬಂದ್ರೆ ಕೇಳ್ಬಹುದು, ಆ ಮಟ್ಟಿಗೆ ನಿಮ್ಮ ಮಾತು ಸರಿ, ಮಂಡಿ ಚೀಟಿ ಇಟ್ಕೊಂಡಿರಲಿ.

ಕುಂದಾಪ್ರಬಾಯ್
ನನ್ನ ರೂಮ್‌ಮೇಟ್ ಚೀನಾದವ, ಅವ ಒಂದು ಸ್ಟೇಟ್‌ಮೆಂಟ್ ಸಹ ಕೊಡ್ಲಿಲ್ಲ ಮಾರಾಯ್ರೆ, ವೀಸಾ ಬಂತು. ಇದೆಲ್ಲ ಅದೃಷ್ಟ.

ಲೀಡ್ಸ್‌ಮಳೆ
ಅದೃಷ್ಟ ಅಲ್ಲ, ಮೊದ್ಲೇ ದಾಖಲೆ ಕೊಡ್ಬೇಕಾಗಿಲ್ಲದ ದೇಶಗಳ ಪಟ್ಟಿ ಇದೆ, ಚೀನಾ ಅದರಲ್ಲಿದೆ, ಇಂಡಿಯಾ ಇಲ್ಲ.

@ಅಡಿಕೆಗೊನೆ ಲೋನ್ ಲೆಟರ್‌ನಲ್ಲಿ ದುಡ್ಡು ಯಾವಾಗ ರಿಲೀಸ್ ಅಂತ ಬರ್ದಿದಾರೆ? ಆ ಸಾಲು ಹಾಗೇ ಟೈಪ್ ಮಾಡಿ.

ಅಡಿಕೆಗೊನೆ
ಇಂಗ್ಲಿಷಲ್ಲಿದೆ, ಅರ್ಥ ಹೇಳ್ತೀನಿ: ಮನೆಯ ಅಡಮಾನ ನೋಂದಣಿ ಆಗಿ, ಲೀಗಲ್ ಒಪೀನಿಯನ್ ಸರಿ ಬಂದ್ಮೇಲೆ ಹಣ ಬಿಡುಗಡೆ ಅಂತ. ಇ-ಸ್ವತ್ತು ಪಂಚಾಯ್ತಿಯಲ್ಲಿ ನಿಂತಿತ್ತು, ಹೋದ ವಾರ ಕೈಗೆ ಬಂತು. ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಇನ್ನೂ ಹೋಗಿಲ್ಲ. ರಿಜೆಕ್ಷನ್ ಲೆಟರ್‌ನಲ್ಲಿ ಲೋನ್ ಬಗ್ಗೆ ಏನೂ ಅಂದಿಲ್ಲ ಆದ್ರೆ.

ಲೀಡ್ಸ್‌ಮಳೆ
ಈ ಸಲ ಅನ್ನದೇ ಇದ್ದಿದ್ದಕ್ಕೆ ಮುಂದಿನ ಸಲವೂ ಅನ್ನಲ್ಲ ಅಂತ ಧೈರ್ಯ ಮಾಡ್ಬೇಡಿ. ವೀಸಾ ಸಿಕ್ರೆ ಕೊಡ್ತೀವಿ ಅನ್ನೋ ಷರತ್ತು ಬಿಟ್ಟು ಬೇರೆ ಷರತ್ತು ಇರೋ ಲೋನ್ ಲೆಟರ್ ಲೆಕ್ಕಕ್ಕೆ ಬರಲ್ಲ. 25 ಲಕ್ಷ ಒಟ್ಟಿಗೇ ಕಳಚಿ ಹೋಗತ್ತೆ. ಅಡಮಾನ ಮುಗ್ಸಿ, ಅದಾದ್ಮೇಲೆ ಬ್ಯಾಂಕಿಂದ ಹೊಸ ತಾರೀಖಿನ ಲೆಟರ್ ತಗೊಳ್ಳಿ: ತಂಗಿಯ ಹೆಸರು, ಮೊತ್ತ, ಓದಿಗೆ ಕೊಟ್ಟ ಸಾಲ, ಹೊರಡೋಕೆ ಮುಂಚೆ ಹಣ ಸಿಗತ್ತೆ, ವೀಸಾ ಬಿಟ್ಟು ಬೇರೆ ಷರತ್ತು ಇಲ್ಲ. ಲೋನಿಗೆ 28 ದಿನ ಕಾಯೋದು ಇಲ್ಲ, ಅದೊಂದು ಅನುಕೂಲ.

ಬ್ಯಾಂಕ್‌ಮೇಷ್ಟ್ರು
ಬ್ರ್ಯಾಂಚಲ್ಲಿ ಸುಮ್ನೆ ಬಾಯಲ್ಲಿ ಕೇಳಿದ್ರೆ ಕಂಪ್ಯೂಟರಲ್ಲಿರೋ ಅದೇ ಲೆಟರ್ ಮತ್ತೆ ಪ್ರಿಂಟ್ ಕೊಡ್ತಾರೆ, ಷರತ್ತೆಲ್ಲ ಅದರಲ್ಲೇ ಇರತ್ತೆ. ಬೇಕಾದ ಒಕ್ಕಣೆ ನೀವೇ ಟೈಪ್ ಮಾಡ್ಕೊಂಡು ಹೋಗಿ ಮ್ಯಾನೇಜರ್ ಮುಂದಿಡಿ. ಪ್ರೊಸೆಸಿಂಗ್ ಫೀಸ್ ಬಾಕಿ ಇದ್ರೆ ಅದನ್ನೂ ಕಟ್ಬಿಡಿ, ಅದೂ ಒಂದು ಷರತ್ತಾಗೇ ಕೂತಿರತ್ತೆ.

ಟೆಕ್ಸಾಸ್‌ಗೌಡ
ಅಪೀಲ್ ಹಾಕಿ ಬ್ರೋ, ನಾಲ್ಕು ದಿನಕ್ಕೆಲ್ಲ ರಿಜೆಕ್ಟಾ.

ಲೀಡ್ಸ್‌ಮಳೆ
ಅಪೀಲ್ ಅಲ್ಲ, ಅಡ್ಮಿನಿಸ್ಟ್ರೇಟಿವ್ ರಿವ್ಯೂ. 80 ಪೌಂಡ್ ಕಟ್ಟಿ 28 ದಿನದೊಳಗೆ ಹಾಕ್ಬಹುದು, ಆದ್ರೆ ಅದು ಅವರ ಕಡೆ ತಪ್ಪಾಗಿದ್ರೆ ಮಾತ್ರ. ಇಲ್ಲಿ ಅವರು ಎಣಿಸಿದ್ದು ಸರಿಯಾಗೇ ಇದೆ. ನಂಗೂ ಒಂದ್ಸಲ ರಿಜೆಕ್ಟ್ ಆಗಿತ್ತು, ಅಮ್ಮ ಚೀಟಿ ದುಡ್ಡು ಕಟ್ಟಿ ಒಂದೇ ಒಂದು ದಿನ 6,000 ಕಮ್ಮಿ. ಅತ್ತು ಕರೆದು ರಿವ್ಯೂ ಹಾಕಿ ವಾರಗಟ್ಲೆ ಹಾಳ್ಮಾಡ್ಕೊಂಡೆ. ಹೊಸ ಕ್ಯಾಸ್ ಕೇಳಿ, ಹೊಸದಾಗಿ ಅಪ್ಲೈ ಮಾಡಿ. ಹೆಲ್ತ್ ಸರ್‌ಚಾರ್ಜ್ ವಾಪಸ್ ಬರತ್ತೆ, ವೀಸಾ ಫೀಸ್ ಹೋಯ್ತು.

ಅಡಿಕೆಗೊನೆ
ಸರಿ ಅಕ್ಕ, ಯೂನಿವರ್ಸಿಟಿಗೆ ಈಗ್ಲೇ ಮೇಲ್ ಹಾಕಿದೆ. ಹಂಗಾದ್ರೆ ಇವತ್ತಿನ ತನಕದ ಸ್ಟೇಟ್‌ಮೆಂಟ್ ತೆಗೆದ್ರೆ 28 ದಿನ ತುಂಬಿದೆ ಅಲ್ವಾ? ಹೋದ ವಾರ ಗೊಬ್ಬರಕ್ಕೆ ಅಂತ ಅಪ್ಪ 40 ಸಾವಿರ ತೆಗ್ದಿದಾರೆ, ಈಗ 9.10 ಇದೆ.

ಲೀಡ್ಸ್‌ಮಳೆ
ಅಯ್ಯೋ. ಹಾಗಾದ್ರೆ ನಿಮ್ದು 34.10. 120ಕ್ಕೆ ಪಾಸು. ಅಪ್ಲೈ ಮಾಡೋ ದಿನ OANDA ವೆಬ್‌ಸೈಟಲ್ಲಿರೋ ರೇಟ್ ಹಿಡೀತಾರೆ, ಅವತ್ತು 122 ಆದ್ರೆ ಬೇಕಾಗಿದ್ದು 34 ಲಕ್ಷ 20 ಸಾವಿರ, ಹತ್ತು ಸಾವಿರ ಕಮ್ಮಿ, ಮತ್ತೆ ರಿಜೆಕ್ಟ್. ಚಿಕ್ಕಪ್ಪ ನಿಜವಾಗ್ಲೂ ಕೊಡೋದಾದ್ರೆ ತಂಗಿಯ ಅಕೌಂಟಿಗೇ ಹಾಕ್ಸಿ. ನಾಳೆ 25ಕ್ಕೆ ಬಂದ್ರೆ ಆಗಸ್ಟ್ 21ಕ್ಕೆ 28 ದಿನ.

ಬ್ಯಾಂಕ್‌ಮೇಷ್ಟ್ರು
ನೋಡಿ, ಇದನ್ನೇ ನಾನು ಪಾರ್ಕಿಂಗ್ ಅಂದಿದ್ದು! ಗಿಫ್ಟ್ ಡೀಡ್ ಇಲ್ದೆ ಮಾಡ್ಬೇಡಿ.

ಧಾರವಾಡಪೇಡೆ
ಗಿಫ್ಟ್ ಡೀಡ್‌ಗೆ ಸ್ಟಾಂಪ್ ಬೇಕಲ್ರಿ. ಕಾಕಾನ್ನ ಕೇಳಿ ಹೇಳತೇನಿ.

ಅಡಿಕೆಗೊನೆ
ಕ್ಲಾಸು ಸೆಪ್ಟೆಂಬರ್ 21ಕ್ಕೆ ಶುರು. ಆಗಸ್ಟ್ 22ಕ್ಕೆ ಹಾಕಿದ್ರೆ ಹೋದ್ಸಲದಂಗೆ ಮೂರು ವಾರ ಹಿಡಿದ್ರೂ ಸೆಪ್ಟೆಂಬರ್ 12. ಈಗ್ಲೇ ಹಾಕೋಣ ಅಂದ್ರೆ ರೇಟಿನ ಭಯ, ಅಡಮಾನನೂ ಆಗಿಲ್ಲ. ಅಡಮಾನದ ಅಪಾಯಿಂಟ್‌ಮೆಂಟ್ ಮುಂದಿನ ಬುಧವಾರಕ್ಕೆ ಸಿಕ್ತು. ಚಿಕ್ಕಪ್ಪ ನಾಳೆ ಆರ್‌ಟಿಜಿಎಸ್ ಮಾಡ್ತೀನಿ ಅಂದ್ರು, ಗಿಫ್ಟ್ ಡೀಡ್ ಅಂದ ತಕ್ಷಣ ಚಿಕ್ಕಮ್ಮನ ಕೇಳ್ಬೇಕು ಅಂತಿದಾರೆ. ಅಪ್ಪನ ಚೆಕ್ ಬುಕ್ಕು, ಎಟಿಎಂ ಕಾರ್ಡು ಎರಡೂ ಅಮ್ಮನ ಬೀರು ಸೇರಿದೆ.

ತುಮಕೂರ್‌ಮಂಜ
ಇದೇ ಥ್ರೆಡ್‌ನಲ್ಲಿ ಕೇಳ್ತಿದೀನಿ ಬೇಜಾರಾಗ್ಬೇಡಿ. ನಂದು ಆಟೋ ಸ್ವೀಪ್ ಅಕೌಂಟು, 50 ಸಾವಿರದ ಮೇಲಿದ್ದಿದ್ದು ತಾನೇ ಎಫ್‌ಡಿಗೆ ಹೋಗತ್ತೆ, ಸ್ಟೇಟ್‌ಮೆಂಟಲ್ಲಿ 50 ಸಾವಿರ ಮಾತ್ರ ಕಾಣ್ತಿದೆ. ನಾಡಿದ್ದು ಅಪ್ಲೈ ಮಾಡ್ಬೇಕು. ಪರ್ವಾಗಿಲ್ವಾ?

ಲೀಡ್ಸ್‌ಮಳೆ
ಯಾವ ದೇಶ?