ಅಪ್‌ಡೇಟ್: ಮೀನೂಟದ ಲೆಕ್ಕ, ಭಾನುವಾರ ಎಡವಿದ್ದು

ನಾನು ಕೇಳಿದ್ದು: "ಕಾರವಾರದಲ್ಲಿ ನಮ್ಮದು ಸಣ್ಣ ಮೀನೂಟದ ಖಾನಾವಳಿ. ಒಂದಿನ ಅನ್ನ ಉಳಿಯುತ್ತದೆ, ಇನ್ನೊಂದಿನ ಎರಡು ಗಂಟೆಗೇ ಖಾಲಿ. ಹಳೇ ಬಿಲ್ ನೋಡಿ ಅಂದಾಜು ಮಾಡಬಹುದಾ?"

ನೀವು ಹೇಳಿದಂತೆ ಒಟ್ಟು ಸರಾಸರಿ ಬಿಟ್ಟು, ವಾರದ ಒಂದೊಂದು ದಿನಕ್ಕೂ ಬೇರೆ ಲೆಕ್ಕ ಹಿಡಿದೆ. ಕಳೆದ ನಾಲ್ಕು ಮಂಗಳವಾರ ಹೋದ ಊಟ 62, 58, 31, 64. ಆ 31 ಸಂಕಷ್ಟಿಯ ದಿನದ್ದು, ಮೀನು ಯಾರು ತಿನ್ನುತ್ತಾರೆ? ಅದನ್ನು ತೆಗೆದರೆ ನಡುವಿನ ಸಂಖ್ಯೆ 62. ಊಟಕ್ಕೆ 125 ಗ್ರಾಂ ಅಕ್ಕಿಯಂತೆ ಏಳೂಮುಕ್ಕಾಲು ಕೆಜಿ ಸಾಕು. ನಾವು ಸುಮ್ನೆ ಹತ್ತು ಕೆಜಿ ಹಾಕುತ್ತಿದ್ದೆವು!

ಎಡವಿದ್ದು ಭಾನುವಾರ. ಬಿಲ್ಲಿನಲ್ಲಿ ಹೆಚ್ಚಿನ ವಾರ 90 ಇತ್ತು, ಹಾಗಾಗಿ 90ಕ್ಕೇ ಮಾಡಿದೆ. ಆದರೆ ಅದು ಬಂದವರ ಲೆಕ್ಕವಲ್ಲ, ನಾವು ಬೇಯಿಸಿದ್ದರ ಲೆಕ್ಕ. ವಾಪಸ್ ಹೋದವರಿಗೆ ಬಿಲ್ ಇಲ್ಲವಲ್ಲ! ಈಗ ಖಾಲಿಯಾದ ಹೊತ್ತನ್ನೂ ಬರೆದಿಡುತ್ತೇನೆ. ಖಾಲಿಯಾಗದ ಭಾನುವಾರಗಳಲ್ಲಿ ಎರಡು ಗಂಟೆಯೊಳಗೆ ಮುಕ್ಕಾಲು ಪಾಲು ಊಟ ಮುಗಿದಿರುತ್ತದೆ. ಎರಡು ಗಂಟೆಗೇ 90 ಖಾಲಿಯಾದರೆ ಇಡೀ ದಿನಕ್ಕೆ ಬೇಕಾದದ್ದು 90 ÷ 0.75, ಸುಮಾರು 120. ಪೂರ್ತಿ ನಂಬಲು ಧೈರ್ಯ ಬರಲಿಲ್ಲ. 100ಕ್ಕೆ ಮಾಡಿ, ಒಂದು ಗಂಟೆಗೆ ಜನ ನೋಡಿ ಎರಡನೇ ಪಾತ್ರೆ ಇಟ್ಟೆವು. ಮೊನ್ನೆ 114 ಊಟ ಹೋಯಿತು. ಮೀನಂತೂ ಆರ್ಡರ್ ಬಂದ ಮೇಲೇ ಕಾವಲಿಗೆ.