ಎರಡೂ ಕೈ ಸೇರಿಸಿದರೆ 17 ಮೈಕ್ರೋಲೀಟರ್ ಬೆವರು, ಕ್ಲೋರೈಡ್ 41. ರಿಪೋರ್ಟ್ ಕೊಡಬಹುದೇ?

ಶೈಲಾ_ಲ್ಯಾಬ್

ಮೂರು ವಾರದ ಮಗು, ತೂಕ 2.9 ಕೆಜಿ, ತಿಂಗಳು ತುಂಬಿ ಹುಟ್ಟಿದ್ದು. ನವಜಾತ ಸ್ಕ್ರೀನಿಂಗ್‌ನಲ್ಲಿ ಐಆರ್‌ಟಿ ಜಾಸ್ತಿ ಇದ್ದುದರಿಂದ ಸಿಸ್ಟಿಕ್ ಫೈಬ್ರೋಸಿಸ್, ಅಂದರೆ ಸಿಎಫ್, ಇದೆಯೇ ಎಂದು ನೋಡಲು ಸ್ವೆಟ್ ಟೆಸ್ಟ್‌ಗೆ ಕಳಿಸಿದ್ದಾರೆ. ಮ್ಯಾಕ್ರೋಡಕ್ಟ್‌ನಲ್ಲಿ ಎರಡೂ ಮುಂಗೈಗೆ ಮಾಡಿದೆವು. 1.5 ಮಿಲಿಆಂಪಿಯರ್, 5 ನಿಮಿಷ, ಆಮೇಲೆ 30 ನಿಮಿಷ ಸಂಗ್ರಹ. ಎಡಗೈಯಲ್ಲಿ 8, ಬಲಗೈಯಲ್ಲಿ 9 ಮೈಕ್ರೋಲೀಟರ್ ಸಿಕ್ಕಿತು. ಎಡಗೈಯಲ್ಲಿ ಕೆಂಪು ಗುರುತು ಮಸುಕಾಗಿತ್ತು, ಬಲಗೈಯಲ್ಲಿ ಚೆನ್ನಾಗಿಯೇ ಮೂಡಿತ್ತು. 15 ಬೇಕು ಅಂತ ಎರಡನ್ನೂ ಒಂದೇ ಟ್ಯೂಬಿಗೆ ಹಾಕಿ ಕ್ಲೋರಿಡೋಮೀಟರ್‌ನಲ್ಲಿ ನೋಡಿದರೆ ಲೀಟರಿಗೆ 41 ಮಿಲಿಮೋಲ್. ಕಂಟ್ರೋಲ್‌ಗಳು ಸರಿಯಾಗಿವೆ. ಈ 41 ಅನ್ನು ಕೊಡಬಹುದಾ? ಚಿಕ್ಕ ಮಕ್ಕಳಲ್ಲಿ ನಮಗೆ ಪದೇ ಪದೇ ಹೀಗೆ ಕಡಿಮೆ ಬರುತ್ತಿದೆ, ಎಲ್ಲಿ ತಪ್ಪುತ್ತಿದೆ ಅಂತಲೂ ಗೊತ್ತಾಗಬೇಕು.

ನಾಗರಾಜ್_ಎಂಎಲ್‌ಟಿ

ಮೇಡಂ, ನಿಮ್ಮ ಮೆಷಿನ್‌ಗೆ 10 ಮೈಕ್ರೋಲೀಟರ್ ಸಾಕಲ್ಲವೇ? 17 ಇದೆ ಅಂದಮೇಲೆ ಅಳತೆಯಲ್ಲಿ ತೊಂದರೆ ಇಲ್ಲ. ಕಂಟ್ರೋಲ್ ಸರಿ ಇದ್ದರೆ ಕೊಟ್ಟುಬಿಡಿ. 40ರ ಆಸುಪಾಸು ಅಂದರೆ ಬಾರ್ಡರ್‌ಲೈನ್, 40ರ ಕೆಳಗೆ ನಾರ್ಮಲ್. ಮುಂದಿನ ಸಲ 30 ನಿಮಿಷದ ಬದಲು 45 ನಿಮಿಷ ಬಿಡಿ, ಮಗುವನ್ನು ಬೆಚ್ಚಗೆ ಹೊದಿಸಿ, ಬರುವ ಮುಂಚೆ ಚೆನ್ನಾಗಿ ಹಾಲು ಕುಡಿಸಲು ಹೇಳಿ. ತಾನಾಗಿ ಬರುತ್ತದೆ.

ಬಯೋಕೆಮ್_ವತ್ಸಲಾ

ಬೆಚ್ಚಗಿಡುವುದು, ಹಾಲು ಕುಡಿಸುವುದು ಎರಡೂ ಸರಿ ನಾಗರಾಜ್ ಸರ್. ಉಳಿದದ್ದನ್ನು ಒಪ್ಪಲಾಗುವುದಿಲ್ಲ. ಶೈಲಾ ಅವರೇ, ಆ 41 ಅನ್ನು ದಯವಿಟ್ಟು ರಿಪೋರ್ಟಿನಲ್ಲಿ ಬರೆಯಬೇಡಿ.

15 ಮೈಕ್ರೋಲೀಟರ್ ಅನ್ನುವುದು ಮೆಷಿನ್‌ಗೆ ಬೇಕಾದ ಪ್ರಮಾಣ ಅಲ್ಲ, ಅದು ಬೆವರು ಹರಿಯುವ ವೇಗದ ಗುರುತು. ಚದರ ಮೀಟರ್ ಚರ್ಮಕ್ಕೆ ನಿಮಿಷಕ್ಕೆ ಕನಿಷ್ಠ 1 ಗ್ರಾಂ ಬೆವರು ಬರಬೇಕು ಅನ್ನುವುದು ಮೂಲ ನಿಯಮ. ನಿಮ್ಮ ಡಿಸ್ಕ್ ಸುಮಾರು ಎರಡೂವರೆ ಸೆಂಟಿಮೀಟರ್ ಅಗಲ, ವಿಸ್ತೀರ್ಣ 4.9 ಚದರ ಸೆಂಟಿಮೀಟರ್. ಲೆಕ್ಕ ಹಾಕಿ ನೋಡಿ:

```
1 g/m²/min × 0.00049 m² × 30 min = 0.0147 g ≈ 15 µL
```

ಗಾಜ್ ಅಥವಾ ಫಿಲ್ಟರ್ ಪೇಪರ್ ಪದ್ಧತಿಯಲ್ಲಿ 75 ಮಿಲಿಗ್ರಾಂ ಬೇಕು ಅನ್ನುವುದೂ ಇದೇ ಲೆಕ್ಕದಿಂದ ಬಂದದ್ದು. ಅಲ್ಲಿ ಪ್ಯಾಡ್ ದೊಡ್ಡದು, ಅದಕ್ಕೆ ಸಂಖ್ಯೆಯೂ ದೊಡ್ಡದು. ನಿಮ್ಮ ಬಲಗೈಯಲ್ಲಿ ವೇಗ 0.6, ಎಡಗೈಯಲ್ಲಿ ಅದಕ್ಕೂ ಕಡಿಮೆ. ಎರಡು ನಿಧಾನದ ಬೆವರನ್ನು ಕೂಡಿಸಿದರೆ ಪ್ರಮಾಣ ಹೆಚ್ಚುತ್ತದೆಯೇ ಹೊರತು ವೇಗ ಹೆಚ್ಚುವುದಿಲ್ಲ. 45 ನಿಮಿಷ ಬಿಟ್ಟರೂ ಇದೇ ಕಥೆ. ಬೆವರು ಬರಿಸುವ ಪೈಲೋಕಾರ್ಪಿನ್ ಔಷಧದ ಪರಿಣಾಮ ಇಳಿಯುತ್ತಾ ಹೋಗುವುದರಿಂದ ಕೊನೆಯ ಹದಿನೈದು ನಿಮಿಷದ ಬೆವರು ಇನ್ನೂ ನಿಧಾನದ್ದು.

ವೇಗ ಇಷ್ಟೊಂದು ಮುಖ್ಯ ಯಾಕೆಂದರೆ, ಗ್ರಂಥಿಯ ತಳದಲ್ಲಿ ಬೆವರು ಹುಟ್ಟುವಾಗ ಅದರ ಕ್ಲೋರೈಡ್ ಹೆಚ್ಚುಕಡಿಮೆ ರಕ್ತದ್ದರಷ್ಟೇ ಇರುತ್ತದೆ. ನಾಳದಲ್ಲಿ ಮೇಲೆ ಬರುವಾಗ ಸಿಎಫ್‌ಟಿಆರ್ ಎಂಬ ಕ್ಲೋರೈಡ್ ವಾಹಿನಿಯ ಮೂಲಕ ಕ್ಲೋರೈಡ್ ವಾಪಸ್ ಹೀರಲ್ಪಡುತ್ತದೆ. ನಿಧಾನವಾಗಿ ಹರಿದರೆ ಹೀರಲು ಹೆಚ್ಚು ಸಮಯ ಸಿಗುತ್ತದೆ, ಸಂಖ್ಯೆ ಕೆಳಗೆ ಬರುತ್ತದೆ. ಸಿಎಫ್‌ಟಿಆರ್ ಸ್ವಲ್ಪವಾದರೂ ಕೆಲಸ ಮಾಡುವ ಮಗುವಿನಲ್ಲಿ ಇದು ಮೋಸ ಮಾಡಬಹುದು. ಇನ್ನೊಂದು ಕಡೆ, ಇಷ್ಟು ಸಣ್ಣ ಹನಿ ಟ್ಯೂಬಿನಿಂದ ಟ್ಯೂಬಿಗೆ ಹೋಗುವಾಗ ಸ್ವಲ್ಪ ಆವಿಯಾದರೂ ಸಂಖ್ಯೆ ಮೇಲೇರುತ್ತದೆ. ಒಂದು ಕೆಳಕ್ಕೆ ಎಳೆಯುತ್ತದೆ, ಇನ್ನೊಂದು ಮೇಲಕ್ಕೆ. ನಿಮ್ಮ 41ರಲ್ಲಿ ಯಾವುದು ಎಷ್ಟು ಎಂದು ಯಾರೂ ಹೇಳಲಾರರು. ರಿಪೋರ್ಟಿನಲ್ಲಿ "ಮಾದರಿ ಸಾಲದು, ಪುನಃ ಮಾಡಬೇಕು" ಎಂದಷ್ಟೇ ಇರಲಿ.

40ರ ಗಡಿ ಹಳೆಯದು, ಅದೂ ದೊಡ್ಡ ಮಕ್ಕಳಿಗೆ ಇದ್ದದ್ದು. 2017ರ ಒಮ್ಮತದ ಮಾರ್ಗಸೂಚಿಯಿಂದ ಎಲ್ಲ ವಯಸ್ಸಿಗೂ ಒಂದೇ: 30ಕ್ಕಿಂತ ಕಡಿಮೆ ಇದ್ದರೆ ಸಿಎಫ್ ಸಾಧ್ಯತೆ ಕಡಿಮೆ, 30ರಿಂದ 59 ಮಧ್ಯಂತರ, 60 ಮತ್ತು ಮೇಲೆ ಸಿಎಫ್ ಕಡೆಗೆ.

ಈಗ ಹೇಳಿ: 30 ನಿಮಿಷ ಆದಮೇಲೆ ಕಲೆಕ್ಟರ್ ಅನ್ನು ಹೇಗೆ ತೆಗೆಯುತ್ತೀರಿ? ಮೊದಲು ಏನು, ಆಮೇಲೆ ಏನು?

ಶೈಲಾ_ಲ್ಯಾಬ್

ಸ್ಟ್ರಾಪ್ ಬಿಚ್ಚಿ ಕಲೆಕ್ಟರ್ ತೆಗೆದು ಟೇಬಲ್ ಮೇಲೆ ಇಡುತ್ತೇವೆ. ಆಮೇಲೆ ಸುರುಳಿ ಬಿಡಿಸಿ, ಟ್ಯೂಬ್ ಕತ್ತರಿಸಿ, ಸಿರಿಂಜಿನಿಂದ ಬೆವರು ಹೊರಗೆ ತಳ್ಳುತ್ತೇವೆ. ತೆಗೆದಾಗ ಚರ್ಮದ ಮೇಲೆ ಸ್ವಲ್ಪ ನೀಲಿ ಇರುತ್ತದೆ, ಕಲೆಕ್ಟರ್ ಬಣ್ಣ ಅಂತ ಒರೆಸಿಬಿಡುತ್ತೇವೆ.

ಬಯೋಕೆಮ್_ವತ್ಸಲಾ

ಅಲ್ಲೇ ಇದೆ ನೋಡಿ. ಕಲೆಕ್ಟರ್ ಇನ್ನೂ ಕೈಗೆ ಬಿಗಿಯಾಗಿ ಕಟ್ಟಿರುವಾಗಲೇ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಸುಲಿದು, ಸುರುಳಿ ಬಿಡಿಸಿ, ಬುಡದ ಹತ್ತಿರ ಟ್ಯೂಬ್ ಕತ್ತರಿಸಬೇಕು. ಸ್ಟ್ರಾಪ್ ಬಿಚ್ಚುವುದು ಅದಾದ ಮೇಲೆ. ಮೊದಲೇ ಬಿಚ್ಚಿದರೆ ಕಲೆಕ್ಟರ್ ಚರ್ಮದಿಂದ ಏಳುವ ಕ್ಷಣದಲ್ಲಿ ಟ್ಯೂಬಿನಲ್ಲಿರುವ ಬೆವರು ಕೆಳಕ್ಕೆ ಜಾರಿ ಕಲೆಕ್ಟರಿನ ತಗ್ಗಿಗೆ ವಾಪಸ್ ಹೋಗುತ್ತದೆ. ಒಟ್ಟು ಬೆವರೇ ಇಷ್ಟು ಕಡಿಮೆ ಇರುವಾಗ ಎರಡು ಮೂರು ಮೈಕ್ರೋಲೀಟರ್ ಹೋದರೂ ದೊಡ್ಡ ನಷ್ಟ.

ನೀಲಿಯನ್ನು ಒರೆಸುವ ಮುಂಚೆ ಒಂದು ಸಲ ಗಮನಿಸಿ. ಆ ಬಣ್ಣ ಕಲೆಕ್ಟರಿನ ತಗ್ಗಿನಲ್ಲಿ ಇರುವುದೇ ಬೆವರು ಕಾಣಲಿ ಎಂದು. ನೀಲಿ ದುಂಡಗಿನ ಗುರುತಿನೊಳಗೇ ಇದ್ದರೆ ಸರಿ. ಅಂಚು ದಾಟಿ ಹೊರಗೆ ಗೆರೆಯಾಗಿ ಹರಿದಿದ್ದರೆ, ಮಗು ಬೆವರಿದೆ, ಬೆವರು ಪಕ್ಕದಿಂದ ಸೋರಿಹೋಗಿದೆ ಎಂದರ್ಥ. ಆಗ ಸ್ಟ್ರಾಪ್ ಸಡಿಲ, ಇಲ್ಲವೇ ಸಣಕಲು ಕೈಯ ಮೇಲೆ ಕಲೆಕ್ಟರ್ ಸಮವಾಗಿ ಕೂತಿಲ್ಲ. ಟ್ಯೂಬಿನಲ್ಲೂ ನೀಲಿ ಇಲ್ಲ, ಹೊರಗೂ ಇಲ್ಲ ಎಂದಾದರೆ ಪ್ರಚೋದನೆಯೇ ಆಗಿಲ್ಲ, ಹುಡುಕಬೇಕಾದದ್ದು ಎಲೆಕ್ಟ್ರೋಡಿನ ಕಡೆ.

ಗುರು_ಉಪಕರಣ

ಎಲೆಕ್ಟ್ರೋಡ್ ಕಡೆಯದ್ದು ನಾನು ಹೇಳುತ್ತೇನೆ. ಎಡಗೈಯ ಗುರುತು ಮಸುಕಾಗಿತ್ತು ಅಂದಿರಿ, ಅದಕ್ಕೆ ಮೊದಲು ನೋಡಬೇಕಾದದ್ದು ಕೆಂಪು ಎಲೆಕ್ಟ್ರೋಡ್ ಎಲ್ಲಿತ್ತು ಅನ್ನುವುದು. ಪೈಲೋಕಾರ್ಪಿನ್ ಧನ ವಿದ್ಯುದಂಶದ್ದು, ಅದನ್ನು ಚರ್ಮದೊಳಗೆ ತಳ್ಳುವುದು ಧನ ಎಲೆಕ್ಟ್ರೋಡ್, ಅಂದರೆ ಕೆಂಪು. ಎರಡು ಎಲೆಕ್ಟ್ರೋಡಿಗೂ ಒಂದೇ ಥರದ ಪೈಲೋಜೆಲ್ ಹಾಕುವುದರಿಂದ ಯಾವುದಾದರೂ ನಡೆಯುತ್ತದೆ ಅನ್ನಿಸಿಬಿಡುತ್ತದೆ. ಕಪ್ಪು ಎಲೆಕ್ಟ್ರೋಡ್ ಇದ್ದ ಜಾಗದಲ್ಲಿ ಕಲೆಕ್ಟರ್ ಕಟ್ಟಿದರೆ ಬೆವರು ಸರಿಯಾಗಿ ಬರುವುದಿಲ್ಲ. ಎರಡೂ ಎಲೆಕ್ಟ್ರೋಡ್ ಒಂದೇ ಕೈಯಲ್ಲಿರಬೇಕು, ಕರೆಂಟ್ ಎದೆಯ ಮೂಲಕ ಹಾಯಬಾರದು, ಇದು ನಿಮಗೆ ಗೊತ್ತಿರುತ್ತದೆ.

ಎರಡನೆಯದು ಜೆಲ್. ಫ್ರಿಜ್ಜಿನಲ್ಲಿಡಿ, ಹೆಪ್ಪುಗಟ್ಟಲು ಬಿಡಬೇಡಿ. ಹಿಂಭಾಗದ ತಣ್ಣನೆ ಗೋಡೆಗೆ ಒತ್ತಿ ಇಟ್ಟ ಡಬ್ಬಿಯಲ್ಲಿ ಡಿಸ್ಕ್ ಒಳಗೊಳಗೇ ಸೀಳುತ್ತದೆ. ಸೀಳಿದ್ದನ್ನು ಬಳಸಿದರೆ ಕರೆಂಟ್ ಒಂದೇ ಕಡೆ ಹರಿದು ಚರ್ಮ ಸುಡಬಹುದು, ಅಂಥದ್ದನ್ನು ಎಸೆಯಿರಿ. ಎಲೆಕ್ಟ್ರೋಡಿನ ಲೋಹ ಮಂಕಾಗಿ ಪದರ ಕಟ್ಟಿದ್ದರೆ ಶುಚಿಮಾಡಿ, ಡಿಸ್ಕ್ ಒತ್ತಿ ಕೂರಿಸುವಾಗ ಮಧ್ಯೆ ಗಾಳಿಗುಳ್ಳೆ ಉಳಿಯಬಾರದು.

ಚಿನ್ನುಅಪ್ಪ

ಸರ್, ಮೇಡಂ, ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ನಮ್ಮ ಮಗಳಿಗೆ ನಾಲ್ಕು ವರ್ಷ. ಸ್ವೆಟ್ ಟೆಸ್ಟ್ ರಿಪೋರ್ಟಿನಲ್ಲಿ 72 ಅಂತ ಇದೆ. ಇಲ್ಲಿ 60ರ ಮೇಲೆ ಸಿಎಫ್ ಅಂದಿದ್ದೀರಿ. ಹಾಗಾದರೆ ಅವಳಿಗೆ ಸಿಎಫ್ ಇದೆ ಅಂತಲೇ ಅರ್ಥವಾ?

ಬಯೋಕೆಮ್_ವತ್ಸಲಾ

ರಿಪೋರ್ಟಿನಲ್ಲಿ 72ರ ಪಕ್ಕ ಏನು ಬರೆದಿದ್ದಾರೆ ನೋಡಿ. "ಕ್ಲೋರೈಡ್" ಅಂತಿದೆಯೋ, "ಕಂಡಕ್ಟಿವಿಟಿ" ಅಥವಾ "NaCl equivalent" ಅಂತಿದೆಯೋ?

ಚಿನ್ನುಅಪ್ಪ

ಕಂಡಕ್ಟಿವಿಟಿ ಅಂತ ಇದೆ ಮೇಡಂ.

ಬಯೋಕೆಮ್_ವತ್ಸಲಾ

ಹಾಗಾದರೆ ಆ 72ಕ್ಕೆ 60ರ ಗಡಿ ಅನ್ವಯಿಸುವುದಿಲ್ಲ. ಕಂಡಕ್ಟಿವಿಟಿ ಅಳೆಯುವುದು ಬೆವರಿನಲ್ಲಿರುವ ಎಲ್ಲ ಅಯಾನುಗಳನ್ನು, ಬೈಕಾರ್ಬೊನೇಟ್, ಲ್ಯಾಕ್ಟೇಟ್ ಕೂಡ ಅದರಲ್ಲಿ ಸೇರುತ್ತವೆ. ಹಾಗಾಗಿ ಅದು ಸಾಮಾನ್ಯವಾಗಿ ಕ್ಲೋರೈಡಿಗಿಂತ ಸುಮಾರು 15 ಹೆಚ್ಚಿರುತ್ತದೆ. ಆದರೆ 72ರಿಂದ 15 ಕಳೆದು 57 ಎಂದು ನೀವೇ ತೀರ್ಮಾನಿಸಬೇಡಿ, ಆ ವ್ಯತ್ಯಾಸ ಒಬ್ಬರಿಂದೊಬ್ಬರಿಗೆ ಬೇರೆ. ಕಂಡಕ್ಟಿವಿಟಿ 50 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕ್ಲೋರೈಡ್ ಅನ್ನೇ ಅಳೆಯುವ ಪರೀಕ್ಷೆಗೆ ಕಳಿಸಬೇಕು. ನಿಮ್ಮ ಮಗಳಿಗೆ ಈಗ ಬೇಕಾದದ್ದು ಅದು. ಡಾಕ್ಟರ ಹತ್ತಿರ "ಕ್ಲೋರೈಡ್ ಅಳತೆ ಮಾಡಿಸಬೇಕಾ" ಎಂದು ನೇರವಾಗಿ ಕೇಳಿ, ತಡಮಾಡಬೇಡಿ.

ನಾಗರಾಜ್_ಎಂಎಲ್‌ಟಿ

ವೇಗದ ಲೆಕ್ಕ ಒಪ್ಪಿದೆ ಮೇಡಂ. ಆದರೂ ಕಂಡಕ್ಟಿವಿಟಿ 90ರ ಮೇಲೆ ಬಂದರೆ ಸಿಎಫ್ ಎಂದು ಹೇಳಿಬಿಡಬಹುದಲ್ಲ? ಎಷ್ಟೋ ಕಡೆ ಕ್ಲೋರಿಡೋಮೀಟರ್ ಇಲ್ಲವೇ ಇಲ್ಲ.

ಬಯೋಕೆಮ್_ವತ್ಸಲಾ

ಬಲವಾದ ಸೂಚನೆ ಎನ್ನಬಹುದು. ರೋಗನಿರ್ಣಯಕ್ಕೆ ಅದೊಂದೇ ಸಾಕು ಎಂದು ಕೆಲವರು ಒಪ್ಪುತ್ತಾರೆ, ಕ್ಲೋರೈಡ್ ಇಲ್ಲದೆ ಆಗದು ಎನ್ನುವವರೂ ಇದ್ದಾರೆ. ನಾನು ಎರಡನೆಯವರ ಜೊತೆ.

ಶೈಲಾ_ಲ್ಯಾಬ್

ಮಗು ಮತ್ತೆ ಬಂದಿತ್ತು. ಈ ಸಲ ಜೆಲ್ ಹೊಸ ಡಬ್ಬಿಯದ್ದು. ಚರ್ಮವನ್ನು ಡಿಅಯಾನೈಸ್ಡ್ ನೀರಿನಲ್ಲಿ ಒರೆಸಿ ಪೂರ್ತಿ ಒಣಗಿಸಿದೆವು, ಕೆಂಪು ಎಲೆಕ್ಟ್ರೋಡ್ ಇದ್ದ ಗುರುತಿನ ಮೇಲೇ ಕಲೆಕ್ಟರ್ ಕಟ್ಟಿದೆವು, ಸ್ಟ್ರಾಪ್ ಬಿಚ್ಚುವ ಮುಂಚೆ ಟ್ಯೂಬ್ ಕತ್ತರಿಸಿದೆವು. ಬಲ ಮುಂಗೈ 24 ಮೈಕ್ರೋಲೀಟರ್, ಕ್ಲೋರೈಡ್ 34. ಎಡ ಮುಂಗೈ 11 ಮಾತ್ರ, ಅದನ್ನು ಅಳೆಯಲಿಲ್ಲ. ಎಡಗೈಯಲ್ಲಿ ನೀಲಿ ಗೆರೆ ಹೊರಗೆ ಹರಿದಿರಲಿಲ್ಲ, ಕೆಂಪು ಗುರುತು ಮಾತ್ರ ಈ ಸಲವೂ ಮಸುಕೇ. ಎರಡು ಕೈಗೂ ಒಂದೇ ಎಲೆಕ್ಟ್ರೋಡ್ ಜೋಡಿ ಬಳಸಿದ್ದು.

ಬಯೋಕೆಮ್_ವತ್ಸಲಾ

ಬಲಗೈಯ 34 ಸರಿಯಾದ ಮಾದರಿ, ರಿಪೋರ್ಟ್ ಕೊಡಿ. ಒಂದು ಕಡೆಯದ್ದು ಸಾಕಾದರೆ ಫಲಿತಾಂಶ ನಿಲ್ಲುತ್ತದೆ. ಸಿರಿಂಜಿನಿಂದ ತಳ್ಳಿದ ಮೇಲೆ ಚೆನ್ನಾಗಿ ಕಲಸಿಯೇ ಅಳೆದಿರಿ ತಾನೇ? ಸುರುಳಿಯ ಮೊದಲ ಭಾಗದ ಬೆವರು, ಕೊನೆಯ ಭಾಗದ್ದು ಒಂದೇ ಸಮ ಇರುವುದಿಲ್ಲ. ಟ್ಯೂಬಿನ ಮುಚ್ಚಳ ಹಾಕಿಯೇ ಕಲಸಿ.

34 ಎಂದರೆ ಮಧ್ಯಂತರ. ಸಿಎಫ್ ಇದೆ ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಬೇರೆ ದಿನ ಇನ್ನೊಮ್ಮೆ ಸ್ವೆಟ್ ಟೆಸ್ಟ್, ಜೊತೆಗೆ ಸಿಎಫ್‌ಟಿಆರ್ ಜೀನ್ ಪರೀಕ್ಷೆ ಆಗಬೇಕು ಎಂದು ಡಾಕ್ಟರಿಗೆ ತಿಳಿಸಿ. ಕೆಲವು ಜೀನ್ ಬದಲಾವಣೆಗಳಲ್ಲಿ, ಉದಾಹರಣೆಗೆ `3849+10kbC>T`, ಕ್ಲೋರೈಡ್ 30ರ ಕೆಳಗೂ ಇರಬಹುದು. ಮುಂದಿನ ಸಲ 25 ಬಂದರೂ ಐಆರ್‌ಟಿ ಮರೆತು ಫೈಲ್ ಮುಚ್ಚುವಂತಿಲ್ಲ.

ಗುರು_ಉಪಕರಣ

ಒಂದೇ ಜೋಡಿ ಬಲಗೈಯಲ್ಲಿ ಸರಿಯಾಗಿ ಕೆಲಸ ಮಾಡಿದೆ, ಅಂದರೆ ಬಾಕ್ಸ್, ವೈರ್ ದೋಷ ಅಲ್ಲ. ಎರಡನೇ ಕೈಗೆ ಹೊಸ ಡಿಸ್ಕ್ ಹಾಕಿದ್ದಿರಾ, ಬಲಗೈಯದ್ದೇ ಮುಂದುವರಿಸಿದ್ದಿರಾ?

ಶೈಲಾ_ಲ್ಯಾಬ್

ಹೊಸದೇ ಹಾಕಿದ್ದೆವು. ಎಡಗೈಯಲ್ಲಿ ಎಲೆಕ್ಟ್ರೋಡ್ ಪೂರ್ತಿ ಚಪ್ಪಟೆಯಾಗಿ ಕೂತಿರಲಿಲ್ಲವೇನೋ, ಮಗು ಆ ಕೈಯನ್ನೇ ಮಡಚುತ್ತಿತ್ತು. ಮುಂದಿನ ಸಲ ಎಡಗೈ ಬಿಟ್ಟು ತೊಡೆಗೆ ಕಟ್ಟಿ ನೋಡುತ್ತೇವೆ. ಬಲಗೈಯ ಬೆವರನ್ನು ಮುಚ್ಚಳ ಹಾಕಿ ಕಲಸಿಯೇ ಅಳೆದದ್ದು ಮೇಡಂ.